ಎಲ್ಲದಕ್ಕೂ ‘ಗಳು’ ಹಚ್ಚಿದ್ರೆ ಆಗಲ್ಲ: ಬಹುವಚನದ ಪಾಠಕ್ಕೆ ಒಂದು ಹಾಳೆ

ಪ್ರಶ್ನೆ: ಸರ್, ನಮ್ಮ ಅಪಾರ್ಟ್‌ಮೆಂಟಲ್ಲಿ ಕನ್ನಡ ಬರದೇ ಇರೋರಿಗೆ ಭಾನುವಾರ ಕ್ಲಾಸ್ ತಗೋತೀನಿ. ಬಹುವಚನಕ್ಕೆ ಒಂದು ಪುಟದ ಹಾಳೆ ಮಾಡ್ಬೇಕು. ಹೋದ್ಸಲ ‘ಕೊನೇಲಿ ಗಳು ಸೇರಿಸಿ’ ಅಂತಷ್ಟೇ ಹೇಳಿದ್ದೆ, ಒಬ್ರು ಹೋಮ್‌ವರ್ಕಲ್ಲಿ ‘ನನ್ನ ಎರಡು ಅಣ್ಣಗಳು ಮೂರು ನಾಯಿಗಳನ್ನು ಸಾಕುತ್ತವೆ’ ಅಂತ ಬರ್ಕೊಂಡು ಬಂದ್ರು. ತಪ್ಪು ಅಂತ ಕಿವಿಗೆ ಗೊತ್ತಾಗುತ್ತೆ, ಯಾಕೆ ಅಂತ ಹೇಳೋಕೆ ಬರ್ಲಿಲ್ಲ. ರೂಲ್ ಏನು, ಎಕ್ಸೆಪ್ಶನ್ ಯಾವ್ಯಾವು, ಯಾವುದನ್ನ ಮೊದಲು ಹೇಳ್ಕೊಡ್ಲಿ?

ಉತ್ತರ: ಮೇಡಂ, ಆ ವಾಕ್ಯ ಎಸೀಬೇಡಿ, ಅದನ್ನೇ ಹಾಳೆಯ ಮೇಲ್ಗಡೆ ಹಾಕಿ. ಅದರಲ್ಲಿ ಮೂರು ತಪ್ಪಿದೆ, ಮೂರೂ ಬೇರೆ ಬೇರೆ ಕಡೆಯಿಂದ ಬಂದಿರೋವು. ಒಂದು ‘ಅಣ್ಣಗಳು’, ಇನ್ನೊಂದು ‘ಎರಡು’, ಮೂರನೇದು ‘ಸಾಕುತ್ತವೆ’. ‘ನಾಯಿಗಳನ್ನು’ ತಪ್ಪಲ್ಲ, ಆದ್ರೆ ಮಾತಾಡುವಾಗ ಯಾರೂ ಅಷ್ಟು ಉದ್ದ ಹೇಳಲ್ಲ. ‘ನನ್ನ ಇಬ್ರು ಅಣ್ಣಂದ್ರು ಮೂರು ನಾಯಿ ಸಾಕಿದಾರೆ’ ಅಂತೀವಿ. ಈ ಎರಡು ವಾಕ್ಯದ ನಡುವೆ ಇರೋ ವ್ಯತ್ಯಾಸ ಅರ್ಥ ಆದ್ರೆ ಬಹುವಚನದ ಮುಕ್ಕಾಲು ಪಾಠ ಮುಗೀತು, ಉಳಿದಿದ್ದು ಒಂದಷ್ಟು ಪದ ಬಾಯಿಪಾಠ ಮಾಡೋದು.

ಮೊದಲನೇ ವಿಷಯ, ‘ಗಳು’ ಅಂತ ಶುರು ಮಾಡ್ಬೇಡಿ, ‘ಅವನಾ, ಅವಳಾ, ಅದಾ?’ ಅಂತ ಶುರು ಮಾಡಿ. ಪದದ ಕೊನೆಯ ಅಕ್ಷರ ನೋಡಿ ಬಹುವಚನ ಮಾಡೋಕೆ ಹೋದ್ರೆ ಕನ್ನಡದಲ್ಲಿ ಏನೂ ಸಿಗಲ್ಲ. ಮರ, ಹುಡುಗ ಎರಡೂ ‘ಅ’ದಲ್ಲೇ ಮುಗಿಯೋದು, ಆದ್ರೆ ಮರಗಳು, ಹುಡುಗರು. ನರಿ, ನಟಿ ಎರಡೂ ‘ಇ’, ಆದ್ರೆ ನರಿಗಳು, ನಟಿಯರು. ನಾಯಿ, ತಾಯಿ ಅಂತೂ ಒಂದೇ ಅಕ್ಷರ ವ್ಯತ್ಯಾಸ, ಆದ್ರೆ ನಾಯಿಗಳು, ತಾಯಂದಿರು. ಈ ಮೂರು ಜೋಡಿ ಹಾಳೇಲಿ ಪಕ್ಕಪಕ್ಕ ಹಾಕಿಬಿಡಿ, ವಿವರಣೆ ಬೇಕಾಗಲ್ಲ, ಅವರಿಗೇ ಹೊಳೆಯುತ್ತೆ. ಮೊದಲು ಅರ್ಥ ನೋಡ್ಬೇಕು, ಆಮೇಲೆ ಕೊನೆಯ ಅಕ್ಷರ.

‘ಅದು’ ಅಂತ ಕರೆಯೋದು ಏನೇ ಇದ್ರೂ ‘ಗಳು’. ಮನೆಗಳು, ಊರುಗಳು, ಪುಸ್ತಕಗಳು, ಹಣ್ಣುಗಳು, ಕೈಗಳು. ಪ್ರಾಣಿಗಳೂ ಇಲ್ಲೇ, ಗಂಡು ಹೆಣ್ಣು ಅನ್ನೋ ಭೇದ ಇಲ್ಲ, ಹೋರಿಗಳು, ಹಸುಗಳು, ಕೋಳಿಗಳು, ಹುಂಜಗಳು. ಹಿಂದಿಯಿಂದ ಬಂದೋರಿಗೆ ಇದು ಸ್ವಲ್ಪ ಸಮಾಧಾನದ ವಿಷಯ, ಯಾಕಂದ್ರೆ ಅವರ ಭಾಷೇಲಿ ಮೇಜಿಗೂ ಕುರ್ಚಿಗೂ ಲಿಂಗ ಇರುತ್ತೆ, ನಮ್ಮಲ್ಲಿ ಜೀವ ಇಲ್ಲದ್ದು, ಪ್ರಾಣಿ, ಪಕ್ಷಿ ಎಲ್ಲಾ ಒಂದೇ ಗುಂಪು. ಇಲ್ಲಿ ಎಕ್ಸೆಪ್ಶನ್ ಹೆಚ್ಚುಕಮ್ಮಿ ಇಲ್ಲ. ‘ಕಣ್ಣುಗಳು’ ಬದಲು ‘ಕಂಗಳು’ ಅಂತ ಹಾಡಲ್ಲಿ ಕವಿತೇಲಿ ಕೇಳ್ತಾರೆ, ಅದನ್ನ ಕೇಳಿದ್ರೆ ಮಾತ್ರ ಹೇಳಿ. ನೀರು, ಹಾಲು, ಅಕ್ಕಿ, ಸಕ್ಕರೆ ತರದ ಅಳೆಯೋ ಪದಾರ್ಥಕ್ಕೆ ಬಹುವಚನ ಬೇಡ, ‘ತುಂಬಾ ನೀರು’, ‘ಎರಡು ಕೇಜಿ ಅಕ್ಕಿ’ ಅಷ್ಟೇ. ‘ಎಣ್ಣೆಗಳು’ ಅಂದ್ರೆ ಬೇರೆ ಬೇರೆ ತರದ ಎಣ್ಣೆ ಅಂತ ಅರ್ಥ ಬರುತ್ತೆ, ಜಾಸ್ತಿ ಎಣ್ಣೆ ಅಂತಲ್ಲ.

ಅವನು, ಅವಳು ಅಂತ ಕರೆಯೋ ಪದಗಳಲ್ಲಿ ಈಗ ಕೊನೆಯ ಅಕ್ಷರ ನೋಡ್ಬೇಕು. ಗಂಡಸಿನ ಪದ ‘ಅ’ದಲ್ಲಿ ಮುಗಿದ್ರೆ ಬರೀ ‘ರು’ ಸೇರಿಸಿ, ಹುಡುಗರು, ರೈತರು, ಸ್ನೇಹಿತರು, ಕಳ್ಳರು, ಕೆಲಸಗಾರರು. ಹೆಂಗಸಿನ ಪದ ‘ಇ’ ಅಥವಾ ‘ಎ’ಯಲ್ಲಿ ಮುಗಿದ್ರೆ ‘ಯರು’, ಹುಡುಗಿಯರು, ರಾಣಿಯರು, ಗೆಳತಿಯರು, ಮಹಿಳೆಯರು, ಸ್ನೇಹಿತೆಯರು. ಎರಡಕ್ಕೂ ಹಿಂದೆ ಇರೋದು ಒಂದೇ ‘ಅರು’, ಇಕಾರ ಎಕಾರದ ಮುಂದೆ ಇನ್ನೊಂದು ಸ್ವರ ನೇರವಾಗಿ ಕೂರಲ್ಲ ಅದಕ್ಕೆ ನಡುವೆ ‘ಯ್’ ಬರುತ್ತೆ. ಮಾತಲ್ಲಿ ಈ ‘ಯ’ ಕರಗಿ ‘ಹುಡುಗೀರು’, ‘ಗೆಳತೀರು’ ಆಗುತ್ತೆ. ಇದನ್ನ ಹೇಳದೇ ಹೋದ್ರೆ ನಿಮ್ಮ ವಿದ್ಯಾರ್ಥಿಗಳು ಲಿಫ್ಟಲ್ಲಿ ‘ಹುಡುಗೀರು’ ಅಂತ ಕೇಳಿ ಇದ್ಯಾವುದೋ ಹೊಸ ಪದ ಅನ್ಕೋತಾರೆ, ಆದ್ದರಿಂದ ಹಾಳೇಲಿ ಎರಡು ಕಾಲಂ ಇಡಿ, ಒಂದು ‘ಬರೆಯೋದು’ ಇನ್ನೊಂದು ‘ಕೇಳಿಸೋದು’. ಹುಡುಗರು ಪಕ್ಕದಲ್ಲಿ ಹುಡುಗ್ರು, ಅಣ್ಣಂದಿರು ಪಕ್ಕದಲ್ಲಿ ಅಣ್ಣಂದ್ರು, ಮಕ್ಕಳು ಪಕ್ಕದಲ್ಲಿ ಮಕ್ಳು, ಹೀಗೆ.

‘-ವನು’, ‘-ವಳು’ ಅಂತ ಮುಗಿಯೋ ಪದಗಳು ತುಂಬಾ ಸುಲಭ, ಎರಡೂ ‘-ವರು’ ಆಗುತ್ತೆ. ಹಳ್ಳಿಯವನು, ಹಳ್ಳಿಯವಳು, ಇಬ್ಬರೂ ಸೇರಿದ್ರೆ ಹಳ್ಳಿಯವರು. ದೊಡ್ಡವನು, ದೊಡ್ಡವಳು, ದೊಡ್ಡವರು. ಇದು ಅವನು, ಅವಳು, ಅವರು ಅನ್ನೋದೇ ಬಾಲವಾಗಿ ಅಂಟಿರೋದು. ಅದೇ ರೀತಿ ಅದು, ಇದು ಅನ್ನೋದು ಅವು, ಇವು ಆಗುತ್ತಲ್ಲ, ದೊಡ್ಡದು ಅನ್ನೋದು ದೊಡ್ಡವು ಆಗುತ್ತೆ. ಸರ್ವನಾಮ ಮೊದಲೇ ಪಾಠ ಆಗಿದ್ರೆ ಇದಕ್ಕೆ ಎರಡು ಸಾಲು ಸಾಕು. ‘ಉ’ಕಾರದಲ್ಲಿ ಮುಗಿಯೋ ಗಂಡಸು, ಹೆಂಗಸು ಎರಡನ್ನೂ ಜೊತೇಲಿ ಬಾಯಿಪಾಠ ಮಾಡಿಸಿ: ಗಂಡಸರು, ಹೆಂಗಸರು. ಕೊನೆಯ ‘ಉ’ ಬಿದ್ದು ‘ಅರು’ ಬರುತ್ತೆ.

ಈಗ ನಿಮ್ಮ ಅಣ್ಣನ ವಿಷಯಕ್ಕೆ ಬರ್ತೀನಿ, ನನ್ನ ಪ್ರಕಾರ ಹಾಳೇಲಿ ಅತಿ ಹೆಚ್ಚು ಜಾಗ ಸಿಗಬೇಕಾಗಿರೋದು ಇದಕ್ಕೇ. ‘ಅ’ದಲ್ಲಿ ಮುಗಿಯೋ ಗಂಡಸಿನ ಪದಕ್ಕೆ ‘ರು’ ಅಂದ್ಮೇಲೆ ‘ಅಣ್ಣರು’ ಆಗ್ಬೇಕಿತ್ತು, ಆಗಲ್ಲ. ಸಂಬಂಧ ಹೇಳೋ ಪದ ‘ಅ’ದಲ್ಲಿ ಮುಗಿದ್ರೆ ‘ಅಂದಿರು’ ಬರುತ್ತೆ: ಅಣ್ಣಂದಿರು, ತಮ್ಮಂದಿರು, ಅಪ್ಪಂದಿರು, ಮಾವಂದಿರು, ಭಾವಂದಿರು, ಅಳಿಯಂದಿರು, ಗಂಡಂದಿರು, ಅಜ್ಜಂದಿರು. ಇಲ್ಲಿ ಗಂಡಸು ಹೆಂಗಸು ವ್ಯತ್ಯಾಸ ಕೂಡ ಇಲ್ಲ, ಅಕ್ಕಂದಿರು, ಅಮ್ಮಂದಿರು, ದೊಡ್ಡಮ್ಮಂದಿರು ಕೂಡ ಇದೇ ಸಾಲಲ್ಲಿ ನಿಲ್ತಾರೆ. ಇದು ಈಗ ಹುಟ್ಟಿದ್ದಲ್ಲ, ಹಳಗನ್ನಡದಲ್ಲೇ ‘ಗಳ್’, ‘ಅರ್’ ಜೊತೆಗೆ ‘ದಿರ್’ ಅಂತ ಬೇರೆ ಪ್ರತ್ಯಯ ಇತ್ತು, ‘ಅಣ್ಣಂದಿರ್’ ಅಂತಿದ್ರು, ನಾವು ಕೊನೇಲಿ ಒಂದು ‘ಉ’ ಸೇರಿಸ್ಕೊಂಡ್ವಿ ಅಷ್ಟೇ.

ಸಂಬಂಧದ ಪದ ‘ಇ’ ‘ಎ’ಯಲ್ಲಿ ಮುಗಿದ್ರೆ ಎರಡು ದಾರಿ ಇದೆ, ಎರಡೂ ಸರಿ. ತಂಗಿಯರು, ತಂಗಿಯಂದಿರು. ಅತ್ತೆಯರು, ಅತ್ತೆಯಂದಿರು. ಸೊಸೆಯರು, ಸೊಸೆಯಂದಿರು. ತಾಯಿಗೆ ‘ತಾಯಂದಿರು’ ಅನ್ನೋದೇ ರೂಢಿ, ‘ತಾಯಿಯರು’ ಅಂತ ಯಾರೂ ಹೇಳಲ್ಲ. ಯಾವುದಾದ್ರೂ ಒಂದು ಹೇಳ್ಕೊಡಿ, ಇನ್ನೊಂದು ಬರೆದ್ರೆ ಕೆಂಪು ಪೆನ್ನು ಹಾಕ್ಬೇಡಿ. ಆದ್ರೆ ಗಡಿ ಎಲ್ಲಿದೆ ಅಂತ ಕೇಳೇ ಕೇಳ್ತಾರೆ, ಸ್ನೇಹಿತ ಕೂಡ ಹತ್ತಿರದವನೇ ಅಲ್ವಾ ಅಂತ. ಅಲ್ಲ. ಸ್ನೇಹಿತರು, ಗೆಳೆಯರು, ನೆಂಟರು ಎಲ್ಲಾ ಬರೀ ‘ರು’. ಒಂದು ಸುಲಭ ಪರೀಕ್ಷೆ ಇದೆ: ‘ಅವನು ನಿನಗೆ ಏನಾಗಬೇಕು?’ ಅಂತ ಕೇಳಿದ್ರೆ ಉತ್ತರವಾಗಿ ಬರೋ ಪದಕ್ಕೆ ‘ಅಂದಿರು’. ಅಣ್ಣ ಆಗಬೇಕು, ಮಾವ ಆಗಬೇಕು, ಅಳಿಯ ಆಗಬೇಕು ಅಂತೀವಿ, ಗೆಳೆಯ ಆಗಬೇಕು ಅಂತ ಅನ್ನಲ್ಲ. ನೂರಕ್ಕೆ ನೂರು ಕೆಲಸ ಮಾಡಲ್ಲ, ಮಗನೇ ಇದಕ್ಕೆ ಸಿಗಲ್ಲ, ಆದ್ರೆ ಹೊಸಬರಿಗೆ ಇದಕ್ಕಿಂತ ಒಳ್ಳೇ ಊರುಗೋಲು ನನಗೆ ಸಿಕ್ಕಿಲ್ಲ.

‘ಅಣ್ಣಂದಿರು’ ಮತ್ತು ‘ಅಣ್ಣನವರು’ ಗೊಂದಲ ಆಗ್ದಂಗೆ ನೋಡ್ಕೊಳ್ಳಿ. ಅಣ್ಣನವರು ಅಂದ್ರೆ ಒಬ್ಬರೇ, ಮರ್ಯಾದೆ ಕೊಟ್ಟಿರೋದು. ಅಣ್ಣಾವ್ರು ಅಂದ್ರೆ ಕರ್ನಾಟಕದಲ್ಲಿ ಯಾರಿಗಾದ್ರೂ ಡಾ. ರಾಜ್‌ಕುಮಾರ್ ಅಂತ ಗೊತ್ತು, ಒಬ್ಬರೇ ಅಣ್ಣಾವ್ರು. ಅಣ್ಣಂದ್ರು ಅಂದ್ರೆ ನಿಮ್ಮನೇಲಿ ನಿಮಗಿಂತ ದೊಡ್ಡ ಗಂಡುಮಕ್ಕಳು ಒಬ್ಬರಿಗಿಂತ ಜಾಸ್ತಿ ಇದಾರೆ ಅಂತ.

ಮಗ, ಮಗಳು, ಮಗು. ಮೂರಕ್ಕೂ ಬಹುವಚನ ಒಂದೇ, ಮಕ್ಕಳು. ‘ಮಗರು’ ಇಲ್ಲ, ‘ಮಗುಗಳು’ ಇಲ್ಲ. ಗಂಡಾ ಹೆಣ್ಣಾ ಹೇಳಲೇಬೇಕು ಅಂದ್ರೆ ಗಂಡುಮಕ್ಕಳು, ಹೆಣ್ಣುಮಕ್ಕಳು. (ಹೆಣ್ಣುಮಕ್ಕಳು ಅಂದ್ರೆ ಮಾತಲ್ಲಿ ಸುಮ್ನೆ ಹೆಂಗಸರು ಅಂತಲೂ ಆಗುತ್ತೆ, ಬಸ್ಸಲ್ಲಿ ‘ಹೆಣ್ಮಕ್ಳಿಗೆ ಸೀಟ್ ಬಿಡಿ’ ಅಂದ್ರೆ ಯಾರ ಮಗಳು ಅಂತ ಹುಡುಕಬೇಕಾಗಿಲ್ಲ.) ಮೊಮ್ಮಗ, ಮೊಮ್ಮಗಳು ಕೂಡ ಮೊಮ್ಮಕ್ಕಳು. ಇದರಲ್ಲಿರೋ ‘ಕಳು’ ನಮ್ಮ ‘ಗಳು’ವಿನ ನೆಂಟನೇ, ಮಂಡ್ಯ ಮೈಸೂರು ಕಡೆ ಹೈದ ಅನ್ನೋದಕ್ಕೆ ‘ಹೈಕ್ಳು’ ಅಂತಾರಲ್ಲ ಅಲ್ಲೂ ಅದೇ ಕೂತಿದೆ. ಉತ್ತರ ಕರ್ನಾಟಕದ ಕಡೆಯೋರು ಮಕ್ಕಳಿಗೆ ‘ಹುಡುಗೂರು’ ಅಂತಾರೆ. ಹಾಳೇಲಿ ಇದ್ಯಾವುದೂ ಬೇಡ, ಬೆಂಗಳೂರಲ್ಲಿ ಕೇಳಿಸಿದಾಗ ಯಾರಾದ್ರೂ ಬಂದು ಕೇಳಿದ್ರೆ ಹೇಳೋಕೆ ನಿಮಗೆ ಇರ್ಲಿ.

ಮಗು ವಿಷಯದಲ್ಲಿ ಇನ್ನೊಂದು ತಮಾಷೆ ಇದೆ. ಒಂದೇ ಇದ್ದಾಗ ಅದು ‘ಅದು’, ಮಗು ಅಳುತ್ತೆ, ಮಗು ಬಂತು. ಎರಡಾದ ತಕ್ಷಣ ಅವು ‘ಅವರು’ ಆಗಿಬಿಡ್ತಾರೆ, ಮಕ್ಕಳು ಅಳ್ತಾರೆ, ಮಕ್ಕಳು ಬಂದ್ರು. ಮನೇಲಿ ಪ್ರೀತಿಯಿಂದಲೋ ಬೇಜಾರಲ್ಲೋ ‘ಅವು ಎಲ್ಲಿಗೆ ಹೋದ್ವೋ’ ಅಂತ ಮಕ್ಕಳ ಬಗ್ಗೆ ಹೇಳ್ತೀವಿ, ಅದು ಬೇರೆ. ಬೇರೆ ದೊಡ್ಡವರ ಬಗ್ಗೆ ಹಾಗೆ ಅಂದ್ರೆ ಬೈಗುಳ ಆಗುತ್ತೆ, ಅದಕ್ಕೇ ‘ಅಣ್ಣಗಳು ಸಾಕುತ್ತವೆ’ ಕೇಳಿದ್ರೆ ನಮಗೆ ಅಷ್ಟು ಇರಿಸುಮುರಿಸು ಆಗೋದು.

ಇಲ್ಲಿಂದ ಎರಡನೇ ದೊಡ್ಡ ವಿಷಯ. ಮನುಷ್ಯರಿಗೂ ‘ಗಳು’ ಬರೋ ಪದಗಳು ಒಂದು ರಾಶಿ ಇವೆ, ಹಾಳೆ ಓದಿ ಹೊರಗೆ ಹೋದ ವಿದ್ಯಾರ್ಥಿಗೆ ಮೊದಲು ಎದುರಾಗೋದೇ ಇವು. ವಿದ್ಯಾರ್ಥಿಗಳು, ಅಧಿಕಾರಿಗಳು, ಮಂತ್ರಿಗಳು, ವ್ಯಾಪಾರಿಗಳು, ರೋಗಿಗಳು, ಕವಿಗಳು, ಗುರುಗಳು, ಬಂಧುಗಳು, ಶತ್ರುಗಳು, ಪ್ರಜೆಗಳು. ನೋಡಿ, ಇವ್ಯಾವುದೂ ‘ಅ’ದಲ್ಲಿ ಮುಗಿಯಲ್ಲ, ಹೆಂಗಸಿಗೆ ಮಾತ್ರ ಮೀಸಲಾದ ಪದವೂ ಅಲ್ಲ. ‘ಇ’, ‘ಉ’, ‘ಎ’ ಯಾವುದೇ ಇರ್ಲಿ, ಪದ ಗಂಡಸಿಗೋ ಇಬ್ಬರಿಗೂ ಸೇರಿಯೋ ಬಳಕೆ ಆಗೋದಾದ್ರೆ ‘ಗಳು’, ಹೆಂಗಸಿಗೆ ಮಾತ್ರ ಆದ್ರೆ ‘ಯರು’. ಇದನ್ನ ತೋರಿಸೋಕೆ ಒಂದೇ ಜೋಡಿ ಸಾಕು: ವಿದ್ಯಾರ್ಥಿ, ವಿದ್ಯಾರ್ಥಿಗಳು. ವಿದ್ಯಾರ್ಥಿನಿ, ವಿದ್ಯಾರ್ಥಿನಿಯರು. ಅದಕ್ಕೇ ಸ್ಕೂಲಿನ ಕಾರ್ಯಕ್ರಮದಲ್ಲಿ ‘ವಿದ್ಯಾರ್ಥಿ ವಿದ್ಯಾರ್ಥಿನಿಯರೇ’ ಅಂತ ಮೈಕಲ್ಲಿ ಕೂಗೋದು.

ಆದ್ರೆ ಹೆಸರಿಗೆ ‘ಗಳು’ ಬಂತು ಅಂತ ಕ್ರಿಯಾಪದ ಬದಲಾಗಲ್ಲ, ನಿಮ್ಮ ವಿದ್ಯಾರ್ಥಿ ಮೂರನೇ ತಪ್ಪು ಮಾಡಿರೋದು ಇಲ್ಲೇ. ಅವರು ‘ಗಳು’ ನೋಡಿದ ಕೂಡಲೇ ‘ತ್ತವೆ’ ಹಾಕಿದಾರೆ. ಕ್ರಿಯಾಪದ ಪ್ರತ್ಯಯವನ್ನ ನೋಡಲ್ಲ, ಮನುಷ್ಯರಾ ಅಲ್ವಾ ಅಂತ ನೋಡುತ್ತೆ. ಮರಗಳು ಬಿದ್ದವು, ನಾಯಿಗಳು ಬಂದವು, ಆದ್ರೆ ವಿದ್ಯಾರ್ಥಿಗಳು ಬಂದರು, ಅಧಿಕಾರಿಗಳು ಬಂದರು, ರೋಗಿಗಳು ಕಾಯ್ತಿದಾರೆ. ‘ರೋಗಿಗಳು ಬಂದವು’ ಅಂತ ಆಸ್ಪತ್ರೇಲಿ ಯಾರಾದ್ರೂ ಅಂದ್ರೆ ಪಶು ಆಸ್ಪತ್ರೆನಾ ಅಂತ ಕೇಳ್ಬೇಕಾಗುತ್ತೆ. ಹಾಗಾಗಿ ಬಹುವಚನ ಪದಗಳನ್ನ ಬಿಡಿಬಿಡಿಯಾಗಿ ಪಟ್ಟಿ ಮಾಡ್ಬೇಡಿ ಮೇಡಂ, ಪ್ರತಿ ಪದದ ಪಕ್ಕ ‘ಬಂದರು’ ಅಥವಾ ‘ಬಂದವು’ ಸೇರಿಸೇ ಬರೀರಿ. ಪದ ಕಲಿತಾಗಲೇ ಕ್ರಿಯಾಪದ ಕೂಡ ಅಂಟ್ಕೊಳುತ್ತೆ. ಮಾತಲ್ಲಿ ‘ಬಂದವು’ ಅನ್ನೋದು ‘ಬಂದ್ವು’ ಆಗುತ್ತೆ, ಎಷ್ಟೋ ಜನ ‘ಬಸ್ಸುಗಳು ಬಂತು’ ಅಂತಲೂ ಹೇಳಿಬಿಡ್ತಾರೆ, ಕೇಳಿಸಿದ್ರೆ ಗಾಬರಿ ಆಗೋದು ಬೇಡ ಅಂತ ಹೇಳಿ, ಬರೆಯೋವಾಗ ಮಾತ್ರ ಬೇಡ.

ಇದರ ಜೊತೆ ಮರ್ಯಾದೆ ಬಹುವಚನ ತಗುಲಿಕೊಳುತ್ತೆ. ‘ಗುರುಗಳು ಬಂದರು’, ‘ಸ್ವಾಮಿಗಳು ಬಂದರು’, ‘ಶಿಕ್ಷಕರು ಬಂದರು’ ಅಂದ್ರೆ ಒಬ್ಬರಾ ಹತ್ತು ಜನಾನಾ? ವಾಕ್ಯದಿಂದ ಗೊತ್ತಾಗಲ್ಲ, ಸಂದರ್ಭದಿಂದಲೇ ಗೊತ್ತಾಗ್ಬೇಕು. ಜಾಸ್ತಿ ಜನ ಅಂತ ಹೇಳ್ಬೇಕಿದ್ರೆ ‘ಎಲ್ಲಾ ಶಿಕ್ಷಕರು’, ‘ಶಿಕ್ಷಕರೆಲ್ಲ’ ಅಂತ ಒಂದು ಪದ ಸೇರಿಸ್ಬೇಕು. ಕೆಲವು ಸುತ್ತೋಲೆಗಳಲ್ಲಿ ‘ಶಿಕ್ಷಕರುಗಳು’, ‘ಸದಸ್ಯರುಗಳು’ ಅಂತ ಬರೀತಾರೆ, ಬಹುವಚನದ ಮೇಲೆ ಇನ್ನೊಂದು ಬಹುವಚನ. ನನಗೆ ಅದು ಬೇಡದ ಭಾರ ಅನ್ಸುತ್ತೆ, ಹಾಳೇಲಿ ಕಲಿಸ್ಬೇಡಿ. ಆದ್ರೆ ದೇವರು, ಮೇಷ್ಟ್ರು ತರದ ಪದಗಳ ಕತೆ ಬೇರೆ. ಅವಕ್ಕೆ ‘ರು’ ಒಳಗೇ ಬೆರೆತು ಹೋಗಿದೆ, ಒಂದೇ ದೇವರಿದ್ರೂ ದೇವರೇ. ಅದಕ್ಕೇ ತುಂಬಾ ಇದ್ರೆ ದೇವರುಗಳು, ಮೇಷ್ಟ್ರುಗಳು ಅನ್ನೋದು ಸಹಜ, ಅದು ತಪ್ಪಲ್ಲ.

ಜೋಡಿ ಪದಗಳು ಇನ್ನೊಂದು ತರ. ‘ಅಪ್ಪ ಅಮ್ಮ ಬಂದ್ರು’ ಅಂತೀವಿ, ಎಲ್ಲೂ ಪ್ರತ್ಯಯ ಇಲ್ಲ, ಕ್ರಿಯಾಪದ ಮಾತ್ರ ಬಹುವಚನ. ‘ಅಣ್ಣತಮ್ಮಂದಿರು’, ‘ಅಕ್ಕತಂಗಿಯರು’ ಅಂದಾಗ ಪ್ರತ್ಯಯ ಎರಡನೇ ಪದಕ್ಕೆ ಮಾತ್ರ. ‘ತಂದೆತಾಯಿಗಳು’ ಅಂತ ‘ಗಳು’ ಕೂಡ ಬರುತ್ತೆ, ‘ತಾಯಿ’ ಅನ್ನೋ ಪದ ಒಂಟಿಯಾಗಿ ಬಂದಾಗ ‘ತಾಯಂದಿರು’ ಆಗುತ್ತೆ, ಜೋಡಿಗೆ ಸೇರಿದಾಗ ‘ಗಳು’ ತಗೊಳುತ್ತೆ. ‘ಜನ’ ಅನ್ನೋ ಪದಕ್ಕೆ ಏನೂ ಬೇಡ, ‘ಜನ ಬಂದ್ರು’ ಸಾಕು, ಜನರು ಅಂತ ಬರೆಯೋದೂ ಸರಿ.

ಈಗ ಉಳಿದಿರೋದು ‘ಎರಡು ಅಣ್ಣ’. ವಸ್ತು, ಪ್ರಾಣಿ ಎಣಿಸುವಾಗ ನಾವು ಬಹುವಚನ ಹಾಕೋದೇ ಅಪರೂಪ. ಮೂರು ಪುಸ್ತಕ ಕೊಡಿ, ಎರಡು ಕಾಫಿ, ನಾಲ್ಕು ಚಪಾತಿ, ಐದು ಕಿಲೋಮೀಟರ್, ಹತ್ತು ರೂಪಾಯಿ. ಸಂಖ್ಯೇನೇ ಜಾಸ್ತಿ ಇದೆ ಅಂತ ಹೇಳಿಬಿಟ್ಟಿದೆ, ಮತ್ತೆ ‘ಗಳು’ ಯಾಕೆ. ನೂರರ ನೋಟಿನ ಭಾಷಾಪಟ್ಟಿಯಲ್ಲಿ ಕನ್ನಡದ ಸಾಲು ಹುಡುಕಿ ನೋಡಿ, ‘ನೂರು ರುಪಾಯಿಗಳು’ ಅಂತಿದೆ, ಬರವಣಿಗೇಲಿ ಅದು ಪೂರಾ ಸರಿ, ಆದ್ರೆ ತರಕಾರಿ ಅಂಗಡೀಲಿ ‘ನೂರು ರೂಪಾಯಿಗಳು ಆಯ್ತು’ ಅಂತ ಯಾರೂ ಕೇಳಲ್ಲ. ಇದನ್ನ ಮೊದಲ ಹಾಳೇಲೇ ಹೇಳಿಬಿಡಿ, ಯಾಕಂದ್ರೆ ಹೊಸಬರು ದಿನಾ ಮಾತಾಡೋದೇ ಎಣಿಕೆ ಮತ್ತು ದುಡ್ಡು, ಅಲ್ಲಿ ಅವರಿಗೆ ಬಹುವಚನದ ಚಿಂತೆನೇ ಬೇಡ ಅಂದ್ರೆ ಅರ್ಧ ಭಯ ಹೋಗುತ್ತೆ. ಎಣಿಕೆ ಇಲ್ದೇ, ಒಂದಿಷ್ಟು ಅಂತ ಹೇಳೋವಾಗ ‘ಗಳು’ ಬೇಕಾಗುತ್ತೆ, ‘ಪುಸ್ತಕಗಳು ಎಲ್ಲಿವೆ?’, ‘ಈ ಮನೆಗಳು ಯಾರವು?’.

ಮನುಷ್ಯರಿಗೆ ಉಲ್ಟಾ. ಅಲ್ಲಿ ಸಂಖ್ಯೆ ಇದ್ರೂ ಬಹುವಚನ ಬಿಡೋ ಹಾಗಿಲ್ಲ, ಮತ್ತೆ ಸಂಖ್ಯೇನೂ ಬದಲಾಗ್ಬೇಕು. ಒಬ್ಬ, ಇಬ್ಬರು, ಮೂವರು, ನಾಲ್ವರು, ಐವರು. ಆರರಿಂದ ಮೇಲೆ ‘ಆರು ಜನ’, ‘ಹತ್ತು ಜನ’ ಅಂತ ಹೋಗೋದು ರೂಢಿ, ಮೂರು ನಾಲ್ಕು ಐದಕ್ಕೂ ಮಾತಲ್ಲಿ ‘ಮೂರು ಜನ ಹುಡುಗ್ರು’ ಅನ್ನೋದೇ ಜಾಸ್ತಿ. ಅಂದ್ರೆ ಹೊಸಬರು ‘ಇಬ್ರು’ ಒಂದನ್ನ ಗಟ್ಟಿ ಮಾಡ್ಕೊಂಡು, ಉಳಿದಿದ್ದಕ್ಕೆಲ್ಲ ಸಂಖ್ಯೆ ಮುಂದೆ ‘ಜನ’ ಹಾಕಿದ್ರೆ ಬದುಕ್ಕೊತಾರೆ. ‘ಮೂರು ಹುಡುಗರು’ ಅಂತ ಬರೆದ್ರೆ ಅರ್ಥ ಆಗುತ್ತೆ, ಆದ್ರೆ ನಮ್ಮ ಕಿವಿಗೆ ಏನೋ ಬಿಟ್ಟೋಗಿದೆ ಅನ್ಸುತ್ತೆ. ಮಕ್ಕಳ ವಿಷಯದಲ್ಲಿ ಮಾತ್ರ ‘ನಿಮಗೆ ಎಷ್ಟು ಮಕ್ಳು?’ ‘ಎರಡು’ ಅಂತ ನಾವೇ ಹೇಳ್ತೀವಿ, ಅದು ಮಗು ‘ಅದು’ ಆಗಿರೋದರ ಋಣ ಇರ್ಬೇಕು. ಇಬ್ಬರು ಮಕ್ಕಳು ಅನ್ನೋದೂ ನಡೆಯುತ್ತೆ.

ಹಾಳೆಯ ಹಿಂದಿನ ಪುಟದಲ್ಲಿ ಜಾಗ ಇದ್ರೆ ವಿಭಕ್ತಿಗೆ ಒಂದು ಚೌಕ ಇಡಿ, ಇಲ್ಲೊಂದು ತಪ್ಪು ಎಲ್ಲರೂ ಮಾಡ್ತಾರೆ. ಏಕವಚನದಲ್ಲಿ ಮರದ, ಮರಕ್ಕೆ, ಮರದಲ್ಲಿ ಅಂತ ಕಲಿತಿರ್ತಾರೆ, ಬಹುವಚನಕ್ಕೆ ಬಂದಾಗ ‘ಮರಗಳಕ್ಕೆ’, ‘ಮರಗಳದಲ್ಲಿ’ ಅಂತ ಬರೀತಾರೆ. ‘ಗಳು’ ಬಂದ ಮೇಲೆ ಆ ‘ದ’ವೂ ಇಲ್ಲ, ‘ಕ್ಕೆ’ಯೂ ಇಲ್ಲ. ಮರಗಳ, ಮರಗಳಿಗೆ, ಮರಗಳಲ್ಲಿ, ಮರಗಳನ್ನು, ಮರಗಳಿಂದ. ಪಕ್ಕದಲ್ಲೇ ಹುಡುಗರ, ಹುಡುಗರಿಗೆ, ಹುಡುಗರಲ್ಲಿ, ಹುಡುಗರನ್ನು, ಹುಡುಗರಿಂದ ಅಂತ ಬರೀರಿ. ಬಾಲ ಎರಡಕ್ಕೂ ಒಂದೇ. ಏಕವಚನದಲ್ಲಿ ಮರಕ್ಕೆ ಒಂದು, ಹುಡುಗನಿಗೆ ಒಂದು ಅಂತ ಬೇರೆ ಬೇರೆ ಕಲೀಬೇಕು, ಬಹುವಚನದಲ್ಲಿ ಆ ಕಷ್ಟ ಇಲ್ಲ. ‘ಉ’ ತೆಗೀರಿ, ಬಾಲ ಅಂಟಿಸಿ, ಮುಗೀತು. ಅಣ್ಣಂದಿರಿಗೆ, ಮಕ್ಕಳಿಗೆ ಕೂಡ ಹಾಗೇ.

ಇಂಗ್ಲಿಷ್ ಪದಗಳ ಬಗ್ಗೆ ಕೇಳಿಲ್ಲ, ಆದ್ರೆ ನಿಮ್ಮ ಕ್ಲಾಸಲ್ಲಿ ಬರೋದು ಗ್ಯಾರಂಟಿ. ವಸ್ತುವಿಗೆ ‘ಗಳು’, ಬಸ್ಸುಗಳು, ಕಾರುಗಳು, ಪೆನ್ನುಗಳು. ಮನುಷ್ಯರಿಗೂ ‘ಗಳು’ನೇ, ಡ್ರೈವರ್‌ಗಳು, ಡಾಕ್ಟರ್‌ಗಳು, ಆದ್ರೆ ಕ್ರಿಯಾಪದ ‘ಬಂದರು’. ಪೊಲೀಸ್ ಒಂದು ಮಾತ್ರ ಪೊಲೀಸರು ಆಗಿ ಪೂರ್ತಿ ಕನ್ನಡಕ್ಕೆ ಸೇರ್ಕೊಂಡಿದೆ. ‘ಫ್ರೆಂಡ್ಸ್‌ಗಳು’ ಅಂತ ನಮ್ಮೋರೇ ಹೇಳ್ತಾರೆ, ಅಲ್ಲೂ ಅದೇ ಶಿಕ್ಷಕರುಗಳ ಕತೆ, ಒಂದರ ಮೇಲೊಂದು. ಫ್ರೆಂಡ್ಸ್ ಅಂದ್ರೆ ಸಾಕು.

ಮುಂದಿನ ಹೋಮ್‌ವರ್ಕಿಗೆ ಬಿಡಿ ಪದ ಕೊಡ್ಬೇಡಿ, ತಪ್ಪಿರೋ ವಾಕ್ಯ ಕೊಟ್ಟು ತಿದ್ದಿಸಿ. ಉದಾಹರಣೆಗೆ, ‘ಎರಡು ಹುಡುಗಿಗಳು ಬಂದವು’, ‘ನನ್ನ ತಮ್ಮರು ಬೆಂಗಳೂರಲ್ಲಿ ಇದಾರೆ’, ‘ಅಧಿಕಾರಿಯರು ಬರಲಿಲ್ಲ’, ‘ಈ ಮರಗಳಕ್ಕೆ ನೀರು ಹಾಕಿ’, ‘ಮಗುಗಳು ಆಟ ಆಡ್ತವೆ’. ಮೊದಲನೇದು ಇಬ್ಬರು ಹುಡುಗಿಯರು ಬಂದರು, ಆಮೇಲೆ ತಮ್ಮಂದಿರು, ಅಧಿಕಾರಿಗಳು, ಮರಗಳಿಗೆ, ಕೊನೇದು ಮಕ್ಕಳು ಆಟ ಆಡ್ತಾರೆ. ಮೊದಲನೇ ವಾಕ್ಯದಲ್ಲಿ ಮೂರು ಜಾಗದಲ್ಲಿ ತಿದ್ದಬೇಕು, ಅದರಲ್ಲಿ ಬರೀ ಹೆಸರನ್ನ ತಿದ್ದಿ ‘ಬಂದವು’ ಹಾಗೇ ಬಿಟ್ಟೋರಿಗೆ ಕ್ರಿಯಾಪದದ ಭಾಗವನ್ನ ಮತ್ತೆ ಹೇಳ್ಬೇಕು, ‘ಎರಡು’ ಹಾಗೇ ಬಿಟ್ಟೋರಿಗೆ ಎಣಿಕೆಯ ಭಾಗವನ್ನ.